ಸ್ಲೈಡಿನಲ್ಲಿ ಇಲ್ಲದ ಪಾಠವನ್ನು ಬದಲಿ ಉಪನ್ಯಾಸಕರಿಗೆ ಒಪ್ಪಿಸುವುದು ಹೇಗೆ?

ಪ್ರಶ್ನೆ: ಸರ್, ನಾನು ವಿರಾಜಪೇಟೆ ಕಡೆಯ ಒಂದು ಕಾಲೇಜಿನಲ್ಲಿ ಬೋಧನಾ ಸಹಾಯಕಿ. ನಮ್ಮ ಪ್ರೊಫೆಸರ್ ಆಗಸ್ಟಿನಿಂದ ಆರು ವಾರ ರಜೆಯಲ್ಲಿರುತ್ತಾರೆ. ಕಾಫಿಯ ಬಿಳಿ ಕಾಂಡಕೊರಕದ ಪಾಠಕ್ಕೆ ಅವರು ಮಾಡಿಕೊಂಡಿರುವ 64 ಸ್ಲೈಡುಗಳನ್ನು ಬದಲಿಗೆ ಬರುವ ಉಪನ್ಯಾಸಕರಿಗೆ ಸಿದ್ಧ ಮಾಡಿ ಕೊಡಲು ನನಗೆ ಹೇಳಿದ್ದಾರೆ. ಬರುವವರು ಬಯಲುಸೀಮೆಯವರು. ಕೀಟಶಾಸ್ತ್ರ ಓದಿದ್ದಾರೆ, ಕಾಫಿ ಪಾಠ ಮಾಡಿಲ್ಲ. ಇರುವುದು 50 ನಿಮಿಷದ 4 ತರಗತಿ. ಎಷ್ಟೋ ಸ್ಲೈಡಿನಲ್ಲಿ ಬರೀ ಫೋಟೋ ಇದೆ, ಕೆಲವು ಹಳೆಯ ನುಡಿ ತಂತ್ರಾಂಶದ ಅಕ್ಷರದಲ್ಲಿವೆ. ಪ್ರತಿ ಸ್ಲೈಡಿನ ಕೆಳಗೆ ಹೇಳಬೇಕಾದ ಮಾತನ್ನೆಲ್ಲ ಪೂರ್ತಿ ಬರೆಯಬೇಕೇ? ಸರ್ ಅವರ ಸ್ಲೈಡನ್ನು ನಾನು ತಿದ್ದಬಹುದೇ, ತೆಗೆಯಬಹುದೇ? ಏನಾದರೂ ತಪ್ಪಾದರೆ ನನ್ನ ತಲೆಗೆ ಬರುತ್ತದೆ ಎಂಬ ಭಯ.

ಉತ್ತರ: ಪೂರ್ತಿ ಮಾತು ಬರೆಯಬೇಡಿ. ಸ್ಲೈಡ್ ತೆಗೆಯಲೂ ಬೇಡಿ. ತಿದ್ದುವುದು ಒಂದೆರಡು ಕಡೆ ಮಾತ್ರ ಅಗತ್ಯ, ಅಲ್ಲಿ ತಿದ್ದದೇ ಬಿಟ್ಟರೇ ತಪ್ಪು. ನಾನೂ ಕೀಟಶಾಸ್ತ್ರ ಕಲಿಸಿದವನು. ಇನ್ನೊಬ್ಬರ ಸ್ಲೈಡ್ ಹಿಡಿದು ತರಗತಿಗೆ ಹೋಗಿದ್ದೇನೆ, ನನ್ನ ಸ್ಲೈಡನ್ನು ಬೇರೆಯವರ ಕೈಗೂ ಕೊಟ್ಟಿದ್ದೇನೆ. ನಿಮ್ಮದೇ ಪಾಠವನ್ನು ಹಿಡಿದುಕೊಂಡು ಹೇಳುತ್ತೇನೆ.

ಪಾಠ ಸ್ಲೈಡಿನಲ್ಲಿದೆ, ನಮ್ಮ ಕೆಲಸ ಅದನ್ನು ವಿವರಿಸಿ ಬರೆಯುವುದು ಎಂದು ಬಹಳ ಜನ ತಿಳಿದಿರುತ್ತಾರೆ. ಇಪ್ಪತ್ತು ವರ್ಷ ಒಂದೇ ವಿಷಯ ಕಲಿಸಿದವರ ಸ್ಲೈಡಿನಲ್ಲಿ ಪಾಠ ಇರುವುದಿಲ್ಲ. ಮುಂದೆ ಏನು ಹೇಳಬೇಕೆಂದು ಅವರಿಗೇ ನೆನಪಾಗಲು ಇಟ್ಟುಕೊಂಡ ಗುರುತುಗಳಷ್ಟೇ ಇರುತ್ತವೆ. ನಿಮ್ಮ ಪ್ರೊಫೆಸರ್ ಅವರ ಒಂದು ಸ್ಲೈಡಿನಲ್ಲಿ ‘ಹಾರಾಟದ ಕಾಲ: ಏಪ್ರಿಲ್–ಮೇ, ಅಕ್ಟೋಬರ್–ಡಿಸೆಂಬರ್’ ಎಂದು ಒಂದೇ ಸಾಲು ಇದೆ ಅಂತಿಟ್ಟುಕೊಳ್ಳಿ. ಹೊಸಬರು ಅದನ್ನು ಓದಿ, ದುಂಬಿ ವರ್ಷಕ್ಕೆ ಎರಡು ಬಾರಿ ಹೊರಬರುತ್ತದೆ ಎಂದು ಹೇಳಿ ಮುಂದಿನ ಸ್ಲೈಡಿಗೆ ಹೋಗುತ್ತಾರೆ. ಪ್ರೊಫೆಸರ್ ಮಾತ್ರ ಆ ಸಾಲಿನ ಮೇಲೆ ಹತ್ತು ನಿಮಿಷ ನಿಲ್ಲುತ್ತಾರೆ. ದುಂಬಿ ಹೊರಬರುವ ಮೊದಲೇ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ತೋಟ ಸುತ್ತಿ, ತೋಟದವರು ಬೋರರ್ ಎನ್ನುವ ಈ ಕಾಂಡಕೊರಕ ಬಿದ್ದ ಗಿಡ ಗುರುತಿಸಬೇಕು. ಕಡಿದ ಕಾಂಡವನ್ನು ಬೇಲಿ ಪಕ್ಕ ರಾಶಿ ಹಾಕಿದರೆ ಅದರೊಳಗಿನ ಹುಳು ಅಲ್ಲೇ ಬೆಳೆದು ದುಂಬಿಯಾಗಿ ಹಾರುತ್ತದೆ, ಆದ್ದರಿಂದ ಸುಡಲೇಬೇಕು. ವಿದ್ಯಾರ್ಥಿ ಮನೆಗೆ ಒಯ್ಯಬೇಕಾದದ್ದು ಈ ಎರಡು ಮಾತು, ಸ್ಲೈಡಿನಲ್ಲಿ ಎರಡೂ ಇಲ್ಲ. ಟಿಪ್ಪಣಿ ಹಿಡಿಯಬೇಕಾದದ್ದು ಇವನ್ನೇ.

ಹಾಗಾದರೆ ಈ ಇಲ್ಲದ ಮಾತುಗಳನ್ನು ಎಲ್ಲಿಂದ ತರುವುದು? ಮೊದಲು ನೀವೊಬ್ಬರೇ ಕುಳಿತು 64 ಸ್ಲೈಡನ್ನೂ ನೋಡಿ. ಒಂದೊಂದರ ಮುಂದೆಯೂ, ಕಾಫಿ ಗಿಡವನ್ನೇ ಕಾಣದವರಿಗೆ ಇದನ್ನು ನಾನು ಹೇಳಬಲ್ಲೆನೇ ಎಂದು ಕೇಳಿಕೊಳ್ಳಿ. ಆಗದಿದ್ದರೆ ಗುರುತು ಹಾಕಿ. ಸಾಮಾನ್ಯವಾಗಿ ಬರೀ ಫೋಟೋ ಇರುವವು, ಹೆಸರಿಲ್ಲದ ಗ್ರಾಫುಗಳು, ಹಿಂದುಮುಂದಿಲ್ಲದೆ ಒಂದು ಅಂಕಿ ಮಾತ್ರ ಇರುವವು ಸಿಕ್ಕಿಬೀಳುತ್ತವೆ. ಇಂಥವು ಇಪ್ಪತ್ತು ಇರಬಹುದು. ಪ್ರೊಫೆಸರ್ ಅವರ ಸಮಯ ಬೇಕಾಗುವುದು ಈ ಇಪ್ಪತ್ತಕ್ಕೆ.

ಎರಡನೆಯದಾಗಿ, ಕಳೆದ ವರ್ಷ ಚೆನ್ನಾಗಿ ಬರೆದುಕೊಳ್ಳುತ್ತಿದ್ದ ಒಬ್ಬ ವಿದ್ಯಾರ್ಥಿಯ ನೋಟ್‌ಬುಕ್ ಕೇಳಿ ತನ್ನಿ. ಸ್ಲೈಡ್ ಪಕ್ಕ ನೋಟ್‌ಬುಕ್ ಇಟ್ಟು ನೋಡಿದರೆ, ಸ್ಲೈಡಿನಲ್ಲಿಲ್ಲದೆ ಪುಸ್ತಕದಲ್ಲಿ ಇರುವುದೆಲ್ಲ ಪ್ರೊಫೆಸರ್ ಬಾಯಲ್ಲಿ ಹೇಳಿದ್ದು. ಬೋರ್ಡಿನ ಮೇಲೆ ಬರೆದ ಚಿತ್ರವೂ ಅಲ್ಲೇ ಸಿಗುತ್ತದೆ. ನನ್ನ ಅನುಭವದಲ್ಲಿ ಇದರಷ್ಟು ಕೆಲಸಕ್ಕೆ ಬಂದ ದಾರಿ ಇನ್ನೊಂದಿಲ್ಲ, ಆದರೂ ಯಾರಿಗೂ ಇದು ಹೊಳೆಯುವುದಿಲ್ಲ. ವಿದ್ಯಾರ್ಥಿ ತಪ್ಪಾಗಿ ಬರೆದುಕೊಂಡಿರಲೂಬಹುದು. ಆದ್ದರಿಂದ ಅಲ್ಲಿ ಸಿಕ್ಕಿದ್ದನ್ನು ಪ್ರೊಫೆಸರ್ ಅವರಿಗೆ ತೋರಿಸದೆ ಟಿಪ್ಪಣಿಗೆ ಏರಿಸಬೇಡಿ.

ಆಮೇಲೆ ಪ್ರೊಫೆಸರ್ ಜೊತೆ ಒಂದು ಗಂಟೆ ಕುಳಿತುಕೊಳ್ಳಿ. ‘ಈ ಸ್ಲೈಡಿಗೆ ಏನು ಹೇಳುತ್ತೀರಿ ಸರ್’ ಎಂದು ಕೇಳಿದರೆ ‘ಏನಿಲ್ಲಮ್ಮ, ಲಕ್ಷಣ ವಿವರಿಸುವುದು ಅಷ್ಟೆ’ ಎಂಬ ಉತ್ತರ ಬರುತ್ತದೆ. ಅವರು ಏನನ್ನೂ ಮುಚ್ಚಿಡುತ್ತಿಲ್ಲ. ಅಷ್ಟು ವರ್ಷ ಹೇಳಿದ ಮಾತು ಹೇಳಬೇಕಾದ ಮಾತು ಅಂತಲೇ ಅವರಿಗೆ ಅನ್ನಿಸುವುದಿಲ್ಲ. ಬದಲಿಗೆ ಹೀಗೆ ಕೇಳಿ: ಇಲ್ಲಿ ಹುಡುಗರು ಪ್ರತಿ ವರ್ಷ ಕೇಳುವ ಪ್ರಶ್ನೆ ಯಾವುದು? ಬೇರೆಯವರು ಪಾಠ ಮಾಡಿದರೆ ಎಲ್ಲಿ ತಪ್ಪಬಹುದು? ಈ ಫೋಟೋ ಯಾವ ತೋಟದ್ದು, ಯಾಕೆ ಇದನ್ನೇ ಇಟ್ಟಿರಿ? ಒಂದೆರಡು ಸ್ಲೈಡನ್ನಾದರೂ ತರಗತಿಯಲ್ಲಿ ಹೇಳಿದ ಹಾಗೆ ನಿಮಗೆ ಹೇಳಲು ಕೇಳಿಕೊಳ್ಳಿ. ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಈಗ ಟಿಪ್ಪಣಿ ಬರೆಯುವ ವಿಷಯ. ಪೂರ್ತಿ ಮಾತು ಬರೆದರೆ ಕ್ಷೇಮ ಎಂಬ ನಂಬಿಕೆ ಎಷ್ಟು ಹಾನಿ ಮಾಡುತ್ತದೆಂದು ನಾನೇ ಅನುಭವಿಸಿದ್ದೇನೆ. ಹಿಂದೊಮ್ಮೆ ಬೇರೊಂದು ಕಾಲೇಜಿಗೆ ಬದಲಿಯಾಗಿ ಹೋದಾಗ ಪ್ರತಿ ಸ್ಲೈಡಿನ ಕೆಳಗೂ ಒಂದು ಪುಟ ಟಿಪ್ಪಣಿ ಇತ್ತು. ಎರಡನೇ ಸ್ಲೈಡಿನಲ್ಲಿ ಒಬ್ಬ ಹುಡುಗಿ ಪ್ರಶ್ನೆ ಕೇಳಿದಳು. ಉತ್ತರ ಹೇಳಿ ಮತ್ತೆ ಪರದೆ ನೋಡಿದರೆ ನಾನು ಎಲ್ಲಿದ್ದೆನೆಂದು ಸಿಗಲಿಲ್ಲ. ಅಲ್ಲಿಂದ ತರಗತಿ ಮುಗಿಯುವವರೆಗೆ ಓದಿದೆ, ಪಾಠ ಮಾಡಲಿಲ್ಲ. ನೂರು ಪದ ಗಟ್ಟಿಯಾಗಿ ಓದಲು ನನಗೆ ಒಂದು ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟು ಹೊತ್ತು ಕಣ್ಣು ವಿದ್ಯಾರ್ಥಿಗಳ ಮೇಲೆ ಇರುವುದಿಲ್ಲ. ಇನ್ನೊಂದು ತೊಂದರೆ ಮುದ್ರಣದ್ದು. ಪವರ್‌ಪಾಯಿಂಟಿನಲ್ಲಿ Notes Pages ಎಂದು ಮುದ್ರಿಸುವಾಗ ಪುಟದ ಜಾಗಕ್ಕಿಂತ ಉದ್ದದ ಟಿಪ್ಪಣಿಯ ಕೊನೆ ಕತ್ತರಿಸಿ ಹೋಗುತ್ತದೆ. ಅತಿ ಮುಖ್ಯವಾದ ಮಾತು ಕೊನೆಯಲ್ಲಿದ್ದರೆ ಅದೇ ಕಾಣೆಯಾಗುತ್ತದೆ.

ಆದ್ದರಿಂದ ಟಿಪ್ಪಣಿ ಒಂದು ನೋಟಕ್ಕೆ ಸಿಗುವಷ್ಟಿರಲಿ. ಎಲ್ಲಕ್ಕೂ ಒಂದೇ ಕ್ರಮವಿದ್ದರೆ ಕಣ್ಣು ಹುಡುಕುವುದು ತಪ್ಪುತ್ತದೆ. ಕಾಂಡದ ಫೋಟೋ ಮಾತ್ರ ಇರುವ 23ನೇ ಸ್ಲೈಡಿಗೆ ನಾನಾದರೆ ಹೀಗೆ ಬರೆಯುತ್ತೇನೆ:

> 23. ನಾಲ್ಕು ನಿಮಿಷ. ಬಿಡಬಾರದು.
> ಯಾಕೆ: ಹುಳು ಕಣ್ಣಿಗೆ ಬೀಳುವುದಿಲ್ಲ, ಅದು ಬಿಟ್ಟ ಗುರುತು ಬೀಳುತ್ತದೆ. ಗುರುತು ಹಿಡಿಯಲು ಕಲಿಸುವ ಚಿತ್ರ ಇದು.
> ಹೇಳುವುದು: ಅರ್ಧ ನಿಮಿಷ ಸುಮ್ಮನೆ ನೋಡಲು ಬಿಡಿ. ಆಮೇಲೆ ಎಡಗಡೆ ಕಾಂಡದ ಉಬ್ಬು ಗೆರೆ ತೋರಿಸಿ. ಮರಿಹುಳು ಮೊದಲು ತೊಗಟೆಯ ಕೆಳಗೇ ತಿನ್ನುತ್ತದೆ, ಅದಕ್ಕೆ ಗೆರೆ ಉಬ್ಬುತ್ತದೆ. ಬಲಿತ ಮೇಲೆ ಕಾಂಡದ ಗಟ್ಟಿ ಭಾಗಕ್ಕೆ ಇಳಿಯುತ್ತದೆ. ಸುರಂಗದಲ್ಲಿ ಪುಡಿ ಗಿಡಿದಿರುವುದರಿಂದ ಔಷಧ ಒಳಗೆ ಮುಟ್ಟುವುದಿಲ್ಲ.
> ಎಚ್ಚರ: ಬಲಗಡೆಯದು ಆರೋಗ್ಯದ ಗಿಡ. ಕಪಾತಿನ ಹಳೆ ಗಾಯದ ಉಬ್ಬನ್ನು ಬೋರರ್ ಎಂದು ತಿಳಿಯುತ್ತಾರೆ.
> ಕೇಳುತ್ತಾರೆ: ‘ನಮ್ಮದು ರೊಬಸ್ಟಾ ತೋಟ, ನಮಗ್ಯಾಕೆ?’ – ಇದು ಅರೇಬಿಕಾದ ಕೀಟ, ನಿಜ. ಮಡಿಕೇರಿ, ಸೋಮವಾರಪೇಟೆ ಕಡೆಯ ಅರೇಬಿಕಾ ತೋಟಗಳನ್ನು ನೆನಪಿಸಿ.
> ಮುಂದಕ್ಕೆ: ಗುರುತು ಗೊತ್ತಾಯಿತು, ಹುಡುಕುವುದು ಯಾವಾಗ?

ಇದರಲ್ಲಿ ‘ಕೇಳುತ್ತಾರೆ’ ಎಂಬ ಸಾಲು ನಿಮ್ಮ ಜಾಗಕ್ಕೇ ಸೇರಿದ್ದು, ಹೊರಗಿನವರಿಗೆ ತಾನಾಗಿ ತಿಳಿಯುವಂಥದ್ದಲ್ಲ. ದಕ್ಷಿಣ ಕೊಡಗಿನಲ್ಲಿ ರೊಬಸ್ಟಾ ಹೆಚ್ಚು. ತರಗತಿಯಲ್ಲಿ ತೋಟದ ಮನೆಯ ಮಕ್ಕಳಿರುತ್ತಾರೆ, ಅವರು ಪುಸ್ತಕದ ಪ್ರಶ್ನೆ ಕೇಳುವುದಿಲ್ಲ. ಮರಗಸಿ ಮಾಡಿಸಿದ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಸಿದ ವರ್ಷ ಬೋರರ್ ಯಾಕೆ ಹೆಚ್ಚಾಯಿತು ಎಂದು ಒಬ್ಬ ಕೇಳಿಯೇ ಕೇಳುತ್ತಾನೆ. ನೆರಳು ವಿಪರೀತ ತೆಳುವಾದರೆ ಕಾಂಡಕ್ಕೆ ಬಿಸಿಲು ಬೀಳುತ್ತದೆ, ಬಿಸಿಲು ಬಿದ್ದ ಕಾಂಡದ ಬಿರುಕಿನಲ್ಲಿ ಮೊಟ್ಟೆ ಇಡುವುದು ಆ ದುಂಬಿಗೆ ಇಷ್ಟ ಎಂಬ ಉತ್ತರ ಹೊಸಬರ ಕಣ್ಣೆದುರು ಸಿದ್ಧವಾಗಿರಬೇಕು. ‘ಮರಗಸಿ’ ಎಂಬ ಮಾತೇ ಅವರಿಗೆ ಹೊಸದಾಗಿರಬಹುದು. ತರಗತಿಯಲ್ಲಿ ಕಿವಿಗೆ ಬೀಳುವ ಇಂಥ ಹತ್ತು ಹದಿನೈದು ಮಾತನ್ನು ಅರ್ಥ ಸಮೇತ ಮೊದಲ ಪುಟದಲ್ಲಿ ಬರೆದುಕೊಡಿ.

ನೀವು ಹೇಳಿದ ಭಯಕ್ಕೆ ಈಗ ಬರುತ್ತೇನೆ, ಏಕೆಂದರೆ ಅದಕ್ಕೆ ಕಾರಣವಿದೆ. ಕಾಂಡಕೊರಕದ ಹಳೆಯ ಸ್ಲೈಡುಗಳಲ್ಲಿ ಲಿಂಡೇನ್ ಎಂಬ ಕೀಟನಾಶಕ ಸಿಂಪಡಿಸುವ ಮಾತು ಬಹುಮಟ್ಟಿಗೆ ಇದ್ದೇ ಇರುತ್ತದೆ. ಒಂದು ಕಾಲದಲ್ಲಿ ಅದನ್ನೇ ಶಿಫಾರಸು ಮಾಡುತ್ತಿದ್ದರು. ಭಾರತದಲ್ಲಿ ಲಿಂಡೇನ್ ತಯಾರಿಕೆ 2011ರಲ್ಲಿ ನಿಂತಿತು, 2013ರಿಂದ ಬಳಕೆಗೂ ನಿಷೇಧ ಬಂತು. ಪ್ರೊಫೆಸರ್ ಆ ಸ್ಲೈಡನ್ನು ಉಳಿಸಿಕೊಂಡಿದ್ದರೆ ಅದು ಹಿಂದೆ ಹೇಗೆ ಮಾಡುತ್ತಿದ್ದರು ಎಂದು ತೋರಿಸಲಿಕ್ಕೆ. ‘ಇದು ಆಗಿನ ಕಾಲದ್ದು, ಈಗ ಮುಟ್ಟಬಾರದು’ ಎಂದು ಅವರು ಬಾಯಲ್ಲಿ ಹೇಳುತ್ತಾರೆ. ಹೊಸಬರಿಗೆ ಪರದೆಯ ಮೇಲೆ ಕಾಣುವುದು ಒಂದು ಔಷಧದ ಹೆಸರು ಮತ್ತು ಪ್ರಮಾಣ ಮಾತ್ರ.

ಇದನ್ನು ಟಿಪ್ಪಣಿಯಲ್ಲಿ ಬರೆದರೆ ಸಾಕೇ? ಸಾಲದು. ಸ್ಲೈಡನ್ನು ಫೋನಿನಲ್ಲಿ ಫೋಟೋ ಹೊಡೆದುಕೊಳ್ಳುವುದು ಈಗಿನ ವಿದ್ಯಾರ್ಥಿಗಳ ರೂಢಿ. ಆ ಫೋಟೋ ವಾಟ್ಸಾಪಿನಲ್ಲಿ ಮನೆಗೆ ಹೋಗುತ್ತದೆ, ಮನೆಯಿಂದ ತೋಟಕ್ಕೆ. ಟಿಪ್ಪಣಿ ಅದರ ಜೊತೆ ಹೋಗುವುದಿಲ್ಲ. ಹಾನಿಯಾಗಬಹುದಾದ ವಿಷಯದ ಎಚ್ಚರಿಕೆ ಸ್ಲೈಡಿನ ಮುಖದ ಮೇಲೇ ಇರಬೇಕು. ‘2013ರಿಂದ ನಿಷೇಧಿಸಲಾಗಿದೆ. ಹಿಂದಿನ ಪದ್ಧತಿ ತಿಳಿಯಲು ಮಾತ್ರ’ ಎಂದು ದಪ್ಪ ಅಕ್ಷರದಲ್ಲಿ ಅಡ್ಡಲಾಗಿ ಹಾಕಿ, ಪ್ರಮಾಣದ ಅಂಕಿಯನ್ನು ಅಳಿಸಿ. ಪ್ರೊಫೆಸರ್ ಅವರಿಗೆ ಮೊದಲೇ ತೋರಿಸಿ ಒಪ್ಪಿಗೆ ಪಡೆಯಿರಿ. ಬೇಡ ಎನ್ನುವ ಪ್ರಾಧ್ಯಾಪಕರನ್ನು ನಾನಂತೂ ಕಂಡಿಲ್ಲ. ಉಳಿದ ಔಷಧಗಳ ಹೆಸರು, ಪ್ರಮಾಣ ಇರುವ ಸ್ಲೈಡುಗಳನ್ನೂ ಪಟ್ಟಿ ಮಾಡಿ, ಈಗಿನ ಶಿಫಾರಸಿನ ಜೊತೆ ಅವರಿಂದಲೇ ಹೋಲಿಸಿ ನೋಡಿಸಿ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವಿದೆ, ಸಂಶಯ ಬಂದದ್ದನ್ನು ಅಲ್ಲಿ ಕೇಳಿ ತಿಳಿಯಬಹುದು. ನೀವಾಗಿ ಹೊಸ ಪ್ರಮಾಣ ಬರೆಯಬೇಡಿ. ಆ ಹೊಣೆ ಸಹಾಯಕಿಯದಲ್ಲ.

ಇನ್ನು ಕೆಲವು ಸ್ಲೈಡುಗಳನ್ನು ಕೈಬಿಡುವ ಪ್ರಶ್ನೆ. 50 ನಿಮಿಷದಲ್ಲಿ ಹಾಜರಿ, ಪ್ರೊಜೆಕ್ಟರ್ ಎಲ್ಲ ಕಳೆದರೆ ಪಾಠಕ್ಕೆ 40 ನಿಮಿಷ ಉಳಿಯುತ್ತದೆ. ನಾಲ್ಕು ತರಗತಿಗೆ 160 ನಿಮಿಷ. ಆದರೆ ನಿಮ್ಮದು ಆಗಸ್ಟ್ ತಿಂಗಳು. ಮಳೆ ಜೋರಾಗಿ ಜಿಲ್ಲಾಡಳಿತ ರಜೆ ಕೊಟ್ಟರೆ ಒಂದು ತರಗತಿ ಹೋಯಿತು. ಸೆಪ್ಟೆಂಬರ್ ಮೊದಲ ವಾರಕ್ಕೆ ಜಾರಿದರೆ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಆದ್ದರಿಂದ 120 ನಿಮಿಷಕ್ಕೇ ಲೆಕ್ಕ ಹಾಕಿ. ಬಿಡಲೇಬಾರದ 20 ಸ್ಲೈಡಿಗೆ ನಾಲ್ಕು ನಿಮಿಷದಂತೆ 80, ಬೇಗ ದಾಟಬಹುದಾದ 20ಕ್ಕೆ ಎರಡು ನಿಮಿಷದಂತೆ 40. ಅಲ್ಲಿಗೆ ಮೂರು ತರಗತಿ ತುಂಬಿತು. ಉಳಿದ 24 ಸ್ಲೈಡ್ ನಾಲ್ಕನೇ ತರಗತಿ ಸಿಕ್ಕರೆ ಮಾತ್ರ. ಯಾವುದು ಯಾವ ಗುಂಪಿಗೆ ಎಂದು ಹೇಳಬೇಕಾದವರು ಪ್ರೊಫೆಸರ್. ಪರೀಕ್ಷೆಗೆ ಪ್ರಶ್ನೆ ಕೊಡುವವರು ಅವರೇ ಆಗಿದ್ದರೆ ಈ ವಿಂಗಡಣೆ ಇನ್ನೂ ಮುಖ್ಯ.

ಆ 24ನ್ನು ಅಳಿಸಬೇಡಿ, ಮರೆಮಾಡಿ. ಎಡಗಡೆಯ ಸಾಲಿನಲ್ಲಿ ಸ್ಲೈಡಿನ ಮೇಲೆ ಬಲ ಕ್ಲಿಕ್ ಮಾಡಿ Hide Slide ಒತ್ತಿದರೆ ಪಾಠದ ನಡುವೆ ಅದು ಬರುವುದಿಲ್ಲ, ಆದರೆ ಸಂಖ್ಯೆ ಅದರದ್ದೇ ಉಳಿಯುತ್ತದೆ. ನಾಳೆ ಹೊಸಬರು ಪ್ರೊಫೆಸರ್ ಅವರಿಗೆ ಫೋನ್ ಮಾಡಿ ‘41 ಅರ್ಥವಾಗಲಿಲ್ಲ’ ಎಂದರೆ ಇಬ್ಬರ ಬಳಿಯೂ 41 ಒಂದೇ ಆಗಿರಬೇಕು. ಬೇಕಾದಾಗ ಸಂಖ್ಯೆ ಒತ್ತಿ Enter ಕೊಟ್ಟರೆ ಮರೆಮಾಡಿದ ಸ್ಲೈಡೂ ತೆರೆದುಕೊಳ್ಳುತ್ತದೆ. ಇದನ್ನೆಲ್ಲ ಪ್ರತಿಯಲ್ಲಿ ಮಾಡಿ, ಮೂಲ ಕಡತವನ್ನು ಮುಟ್ಟದೆ ಹಾಗೇ ಇಡಿ.

ಟಿಪ್ಪಣಿ ಬೇಡ, ಬೇರೆ ಕಾಗದದಲ್ಲಿ ಪಾಠಯೋಜನೆ ಕೊಡೋಣ ಎನ್ನುವವರೂ ಇದ್ದಾರೆ. ಸ್ಲೈಡ್ ಬದಲಾದಾಗ ಕಾಗದ ಬದಲಾಗುವುದಿಲ್ಲ, ಎರಡೂ ಬೇಗ ಬೇರೆ ದಾರಿ ಹಿಡಿಯುತ್ತವೆ. ಟಿಪ್ಪಣಿಯನ್ನು ಸ್ಲೈಡಿನ ಕೆಳಗೇ ಬರೆದು ಅದನ್ನೇ ಮುದ್ರಿಸಿ ಕೊಡಿ. ಮಳೆಗಾಲದಲ್ಲಿ ಕರೆಂಟ್ ಹೋದ ದಿನ ಆ ಮುದ್ರಿತ ಪುಟಗಳು ಮತ್ತು ಬೋರ್ಡ್ ಇದ್ದರೆ ಪಾಠ ನಿಲ್ಲುವುದಿಲ್ಲ.

ನುಡಿ ಅಕ್ಷರದ ತೊಂದರೆ ಎಲ್ಲರೂ ತಿಳಿದದ್ದಕ್ಕಿಂತ ದೊಡ್ಡದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮೇಲೆ ಕನ್ನಡದ ಆಕಾರ ಹೊದಿಸಿದಂತೆ ಅದು. ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದರೆ ಹೊದಿಕೆ ಬಿದ್ದು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ನಿಮ್ಮ ವಿಭಾಗದ ಕಂಪ್ಯೂಟರಿನಲ್ಲಿ ಎಲ್ಲ ಸರಿ ಕಾಣುತ್ತದೆ, ತೊಂದರೆ ಗೊತ್ತಾಗುವುದು ಹೊಸಬರು ತರಗತಿಯಲ್ಲಿ ತೆರೆದಾಗಲೇ. ಫಾಂಟ್ ಕಳಿಸಿಕೊಟ್ಟರೆ ಆ ದಿನಕ್ಕೆ ಆಗುತ್ತದೆ. ನುಡಿ ತಂತ್ರಾಂಶದ ಪರಿವರ್ತಕದಿಂದ ಯೂನಿಕೋಡಿಗೆ ತಂದು Nirmala UI ಫಾಂಟಿನಲ್ಲಿ ಇಡುವುದೇ ಸರಿಯಾದ ದಾರಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು, ಅಂಕಿಗಳು ಕೆಲವೊಮ್ಮೆ ಕೆಡುತ್ತವೆ. ಪ್ರತಿ ಸಾಲನ್ನೂ ಮೂಲದ ಪಕ್ಕ ಇಟ್ಟು ಓದಿ. ನುಡಿ ಫಾಂಟಿನ ಸ್ಲೈಡುಗಳಿಗೆ ಎಷ್ಟು ಸಮಯ ಬೇಕೆಂದು ಅಂದಾಜಿಸಿದ್ದೀರೋ ಅದರ ಎರಡರಷ್ಟು ಇಟ್ಟುಕೊಳ್ಳಿ.

ಒಂದೊಂದೇ ಕ್ಲಿಕ್ಕಿಗೆ ಒಂದೊಂದು ಭಾಗ ಬರುವಂತೆ ಮಾಡಿದ ಸ್ಲೈಡ್ ಇದ್ದರೆ, ಕೀಟದ ಜೀವನಚಕ್ರಕ್ಕೆ ಹೀಗೆ ಮಾಡಿರುವುದೇ ಹೆಚ್ಚು, ಯಾವ ಕ್ಲಿಕ್ಕಿಗೆ ಏನು ಬರುತ್ತದೆಂದು ಟಿಪ್ಪಣಿಯಲ್ಲಿ ಬರೆಯಿರಿ. ನಾಲ್ಕೈದಕ್ಕಿಂತ ಹೆಚ್ಚು ಕ್ಲಿಕ್ ಇದ್ದರೆ ಪ್ರತಿಯಲ್ಲಿ ಚಲನೆಯನ್ನೇ ತೆಗೆದುಬಿಡಿ. ಒಂದು ಕ್ಲಿಕ್ ಹೆಚ್ಚಾಗಿ ಒತ್ತಿದ ಹೊಸಬರು ಮರಿಹುಳುವಿನ ಮಾತು ಮುಗಿಸುವ ಮೊದಲೇ ಕೋಶದ ಚಿತ್ರ ಬಂದಿರುತ್ತದೆ.

ಕಡತ ಕಳಿಸುವ ಮೊದಲು ಪ್ರೊಫೆಸರ್ ಹಿಂದೆಂದೋ ಬರೆದ ಟಿಪ್ಪಣಿಗಳೇನಾದರೂ ಉಳಿದಿವೆಯೇ ನೋಡಿ. ಬರಲಿರುವ ಪರೀಕ್ಷೆಯ ಪ್ರಶ್ನೆ, ವಿದ್ಯಾರ್ಥಿಯೊಬ್ಬನ ಅಂಕ, ತೋಟದ ಮಾಲೀಕರ ಹೆಸರು ಮತ್ತು ಫೋನ್ ನಂಬರ್ ಅಲ್ಲಿ ಕುಳಿತಿದ್ದನ್ನು ನಾನು ಕಂಡಿದ್ದೇನೆ. ಅವನ್ನು ತೆಗೆಯಿರಿ.

ಆಮೇಲೆ ನಿಮ್ಮದಲ್ಲದ ಒಂದು ಲ್ಯಾಪ್‌ಟಾಪಿನಲ್ಲಿ ಕಡತ ತೆರೆದು Alt+F5 ಒತ್ತಿ. ಉಪನ್ಯಾಸಕರಿಗೆ ಮಾತ್ರ ಕಾಣುವ ಪರದೆ ಒಂದೇ ಯಂತ್ರದಲ್ಲಿ ತೆರೆಯುತ್ತದೆ. ಸ್ಲೈಡ್ ಒಂದು ಕಡೆ, ನಿಮ್ಮ ಟಿಪ್ಪಣಿ ಇನ್ನೊಂದು ಕಡೆ ಇರುತ್ತದೆ. ಯಾವ ಟಿಪ್ಪಣಿ ಓದಲು ಕೆಳಕ್ಕೆ ಎಳೆಯಬೇಕಾಗುತ್ತದೋ ಅದು ಉದ್ದವಾಯಿತು, ಮತ್ತೆ ಕತ್ತರಿಸಿ. ಸಾಧ್ಯವಾದರೆ ಬದಲಿ ಉಪನ್ಯಾಸಕರಿಗೇ ಫೋನ್ ಮಾಡಿ, 23ನೇ ಸ್ಲೈಡನ್ನು ಟಿಪ್ಪಣಿ ನೋಡಿ ನಿಮಗೆ ಪಾಠ ಮಾಡಲು ವಿನಂತಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ಟಿಪ್ಪಣಿ ಸಾಲದು. ಬೇರೆ ವಿಷಯದ ಸಹೋದ್ಯೋಗಿಯೊಬ್ಬರ ಮೇಲೆ ಪ್ರಯೋಗಿಸಿದರೂ ನಡೆಯುತ್ತದೆ.

ಕಡತದ ಕೊನೆಯಲ್ಲಿ ಒಂದು ಖಾಲಿ ಸ್ಲೈಡ್ ಸೇರಿಸಿ, ಅದನ್ನು ಮರೆಮಾಡಿ. ಪ್ರತಿ ತರಗತಿಯ ನಂತರ ದಿನಾಂಕ, ಮುಗಿಸಿದ ಸ್ಲೈಡ್ ಸಂಖ್ಯೆ, ಉತ್ತರ ಹೇಳಲಾಗದೆ ಉಳಿದ ಪ್ರಶ್ನೆಗಳನ್ನು ಅದರಲ್ಲಿ ಬರೆಯುವಂತೆ ಬದಲಿ ಉಪನ್ಯಾಸಕರಿಗೆ ಹೇಳಿ. ಪ್ರೊಫೆಸರ್ ಮರಳಿದ ದಿನ ಮೊದಲು ತೆರೆಯುವುದು ಆ ಸ್ಲೈಡನ್ನೇ. ಅವರು ಬರುವ ಹೊತ್ತಿಗೆ ಸೆಪ್ಟೆಂಬರ್ ನಡೆಯುತ್ತಿರುತ್ತದೆ, ಬೋರರ್ ಗಿಡ ಹುಡುಕುವ ಕಾಲ ಅದೇ. ಉಳಿದ ಪ್ರಶ್ನೆಗಳಿಗೆ ಉತ್ತರವನ್ನು ಹುಡುಗರನ್ನು ಅರೇಬಿಕಾ ತೋಟಕ್ಕೆ ಕರೆದುಕೊಂಡು ಹೋಗಿಯೇ ತೋರಿಸಬಹುದು.